ಕನಸಿನ ದೃಶ್ಯ ಬರೆಯುವ ಕ್ರಮ: ಪಾತ್ರ ಬಯಲಾಗಬೇಕು, ಓದುಗರಿಗೆ ಮೋಸ ಆಗಬಾರದು

ಕಥೆ ಬರೆಯುವವರು ಕನಸಿನಲ್ಲಿ ಎಡವುವುದು ಹೆಚ್ಚಾಗಿ ಎರಡೇ ಕಡೆ. ಒಂದು, ಕನಸು ಎಂದು ಹೇಳದೆ ಏನೋ ದೊಡ್ಡ ಘಟನೆ ನಡೆಸಿ, ಓದುಗರು ಅದನ್ನು ನಂಬಿ ಮರುಗಿದ ಮೇಲೆ ‘ಬೆಚ್ಚಿಬಿದ್ದು ಎದ್ದ, ಮೈಯೆಲ್ಲ ಬೆವರು’ ಎಂದು ಬರೆದು ಎಲ್ಲವನ್ನೂ ಅಳಿಸಿಹಾಕುವುದು. ಎರಡು, ಪಾತ್ರದ ಮನಸ್ಸಿನಲ್ಲಿರುವುದನ್ನು ಹಾವು, ಪ್ರಪಾತ, ರಕ್ತ, ಸತ್ತ ತಂದೆಯ ಧ್ವನಿಗಳ ಮೂಲಕ ಘೋಷಿಸಿಬಿಡುವುದು. ಮೊದಲನೆಯದರಲ್ಲಿ ಓದುಗರಿಗೆ ಸಿಟ್ಟು ಬರುತ್ತದೆ. ಎರಡನೆಯದರಲ್ಲಿ ಬೇಸರ ಬರುತ್ತದೆ, ಏಕೆಂದರೆ ಅವರಿಗೆ ಅದು ಆಗಲೇ ಗೊತ್ತಿತ್ತು.

ಈ ಮಾರ್ಗದರ್ಶಿ ಸುಮಾರು 3000 ಪದಗಳ ವಾಸ್ತವವಾದಿ ಸಣ್ಣಕಥೆಗೆ ಸಂಬಂಧಿಸಿದ್ದು. ದೇವರು ಕನಸಿನಲ್ಲಿ ಬಂದು ಗುಡಿ ಕಟ್ಟಿಸು ಎನ್ನುವ ಜನಪದ ಮಾದರಿಯ ಕಥೆಗಳಿಗೆ ಕಟ್ಟಳೆಯೇ ಬೇರೆ. ಅಲ್ಲಿ ಕನಸೂ ಒಂದು ಘಟನೆಯೇ ಎಂಬ ಒಪ್ಪಂದ ಮೊದಲ ಸಾಲಿನಿಂದಲೇ ಇರುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಶ್ರೀಧರ, 52 ವರ್ಷ, ಮಲೆನಾಡಿನ ಅಡಿಕೆ ಬೆಳೆಗಾರ. ತಂದೆ ತೀರಿಕೊಂಡ ಮೇಲೆ ತಂಗಿ ವನಜಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ತೋಟದ ದುಡ್ಡಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಮೂರು ದಿನದಲ್ಲಿ ಗೃಹಪ್ರವೇಶ. ವನಜ ಬರುತ್ತಾಳೆ.

ಕೈಯಲ್ಲಿ ಇರಬೇಕಾದದ್ದು

ಕನಸಿಲ್ಲದೆ ಪೂರ್ತಿಯಾದ ಒಂದು ಕರಡು, ಕನಸಿನ ಹಿಂದಿನ ಎರಡು ದಿನ ಪಾತ್ರ ಏನೇನು ಮುಟ್ಟಿತು, ಯಾರ ಹತ್ತಿರ ಮಾತಾಡಿತು ಎಂಬ ಒಂದು ಹಾಳೆ, ಅಷ್ಟೇ. ಕನಸಿನಿಂದಲೇ ಕಥೆ ಶುರುಮಾಡಬೇಕು ಅನ್ನಿಸಿದರೆ ತಡೆದುಕೊಳ್ಳಿ. ಎಚ್ಚರದಲ್ಲಿ ಶ್ರೀಧರ ಹೇಗಿರುತ್ತಾನೆ ಎಂದು ಗೊತ್ತಿಲ್ಲದ ಓದುಗರಿಗೆ ಕನಸಿನ ಶ್ರೀಧರನಲ್ಲಿ ಏನು ಬೇರೆಯಾಗಿದೆ ಎಂದು ತಿಳಿಯುವುದೇ ಇಲ್ಲ. ಕಡೇ ಪಕ್ಷ ಎರಡು ಸಲ ಅವನನ್ನು ಎಚ್ಚರದಲ್ಲಿ ನೋಡಿರಬೇಕು. ಆದ್ದರಿಂದ ಕನಸಿನ ಜಾಗ ಕಥೆಯ ಮೂರನೇ ಒಂದು ಭಾಗ ಮುಗಿದ ಮೇಲೆ, ಅರ್ಧ ದಾಟುವ ಮೊದಲು. ಕೊನೆಗೆ ಇಟ್ಟರೆ ಅದರ ಪರಿಣಾಮ ತೋರಿಸಲು ಜಾಗ ಉಳಿಯುವುದಿಲ್ಲ.

ಹಂತ 1: ಪಾತ್ರ ತನಗೆ ತಾನೇ ಹೇಳಿಕೊಳ್ಳುವ ಸುಳ್ಳನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಬೇರೆಯವರಿಗೆ ಹೇಳುವ ಸುಳ್ಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಅವಳೇ ಮನಸಾರೆ ಬಿಟ್ಟುಕೊಟ್ಟಳು’ ಎಂದು ಶ್ರೀಧರ ಊರವರಿಗೆ ಹೇಳುತ್ತಾನೆ, ಅದು ಸುಳ್ಳೆಂದು ಅವನಿಗೆ ಗೊತ್ತು. ಗೊತ್ತಿರುವ ಸುಳ್ಳನ್ನು ಕನಸಿನಲ್ಲಿ ಬಿಚ್ಚಿದರೆ ಅಪರಾಧಪ್ರಜ್ಞೆಯ ಕನಸಾಗುತ್ತದೆ: ತಂಗಿ ಅಳುತ್ತಾಳೆ, ಪತ್ರಕ್ಕೆ ಬೆಂಕಿ ಬೀಳುತ್ತದೆ, ಅಪ್ಪ ಬೆರಳು ತೋರಿಸುತ್ತಾನೆ. ನೂರರಲ್ಲಿ ತೊಂಬತ್ತು ಕರಡುಗಳು ಇಲ್ಲೇ ನಿಲ್ಲುತ್ತವೆ.

ಇನ್ನೂ ಒಂದು ಪದರ ಕೆಳಗೆ ಹೋಗಿ. ಶ್ರೀಧರ ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ? ‘ಪಾಲು ಕೊಡದಿದ್ದರೇನು, ನಾನು ಅವಳಿಗೆ ಯಾವುದರಲ್ಲೂ ಕಡಿಮೆ ಮಾಡಿಲ್ಲ.’ ಹಬ್ಬಕ್ಕೆ ಸೀರೆ, ಮಗನ ಉಪನಯನಕ್ಕೆ ಬೆಳ್ಳಿ, ಬಂದಾಗ ಬುಟ್ಟಿ ತುಂಬ ಹಲಸು. ಇದನ್ನು ಅವನು ನಿಜವಾಗಿಯೂ ನಂಬಿದ್ದಾನೆ. ಕನಸು ಮುಟ್ಟಬೇಕಾದದ್ದು ಈ ವಾಕ್ಯವನ್ನು.

ಸರಿಯಾದ ವಾಕ್ಯ ಸಿಕ್ಕಿದೆಯೇ ಎಂದು ನೋಡಲು ಒಂದು ಉಪಾಯವಿದೆ. ಅದನ್ನು ಯಾರಾದರೂ ಪಾತ್ರದ ಮುಖಕ್ಕೆ ಹೇಳಿ ಅಲ್ಲಗಳೆದರೆ ಅವನಿಗೆ ನಾಚಿಕೆಯಾಗುತ್ತದೆಯೇ, ಸಿಟ್ಟು ಬರುತ್ತದೆಯೇ ಎಂದು ಕೇಳಿಕೊಳ್ಳಿ. ನಾಚಿಕೆಯಾದರೆ ಇನ್ನೂ ಮೇಲಿನ ಪದರದಲ್ಲೇ ಇದ್ದೀರಿ. ‘ನಾನು ಅವಳಿಗೆ ಇಷ್ಟೆಲ್ಲ ಮಾಡಿದ್ದೀನಿ, ಗೊತ್ತಾ ನಿಮಗೆ?’ ಎಂದು ಸಿಟ್ಟಾದರೆ ಸರಿಯಾದ ಜಾಗ ತಲುಪಿದ್ದೀರಿ.

ಹಂತ 2: ಕನಸಿಗಿಂತ ಮೊದಲು ಮರುದಿನ ಬೆಳಿಗ್ಗೆಯನ್ನು ಬರೆಯಿರಿ

ಇದು ವಿಚಿತ್ರ ಅನ್ನಿಸಬಹುದು, ಆದರೆ ಈ ಕ್ರಮ ತಪ್ಪಿಸಬೇಡಿ. ಕನಸು ಕಂಡದ್ದರಿಂದ ಪಾತ್ರ ಬೆಳಿಗ್ಗೆ ಏನೋ ಒಂದನ್ನು ಬೇರೆ ಥರ ಮಾಡಬೇಕು. ಓದುಗರಿಗೆ ಮೋಸವಾಯಿತು ಅನ್ನಿಸುವುದಕ್ಕೆ ಮುಖ್ಯ ಕಾರಣ, ಕನಸು ಮುಗಿದ ಮೇಲೆ ಕಥೆಯಲ್ಲಿ ಅದರ ಲೆಕ್ಕ ಎಲ್ಲೂ ಬಾರದೇ ಇರುವುದು. ಮನಸ್ಸಿಗೆ ಹಚ್ಚಿಕೊಂಡು ಓದಿದ್ದು ದಂಡವಾಯಿತಲ್ಲ ಎಂಬ ಸಿಟ್ಟು ಅದು.

ಮಾಡುವ ಕೆಲಸ ಚಿಕ್ಕದಿರಲಿ, ಕಣ್ಣಿಗೆ ಕಾಣುವಂತಿರಲಿ. ಜ್ಞಾನೋದಯವಾಗಿ ತಂಗಿಗೆ ಫೋನ್ ಮಾಡಿ ಕ್ಷಮೆ ಕೇಳಿದ ಎಂದರೆ ಕನಸು ಲೇಖಕರ ಕೂಲಿಯಾಳಾಗುತ್ತದೆ: ಕಥೆಯ ಗಂಟನ್ನು ಅದರ ಕೈಯಲ್ಲಿ ಬಿಚ್ಚಿಸಿದಂತೆ. ನಮ್ಮ ಉದಾಹರಣೆಯಲ್ಲಿ ಶ್ರೀಧರ ಎದ್ದು, ಕಾಫಿ ಕುಡಿಯುವ ಮೊದಲೇ, ಬಾಳೆ ಎಲೆಯವನಿಗೆ ಫೋನ್ ಮಾಡುತ್ತಾನೆ.

> “ಎಲೆ ಇನ್ನೊಂದು ಕಟ್ಟು ಸೇರಿಸಿ ಕಳಿಸಪ್ಪ.”
> “ಲೆಕ್ಕ ಹಾಕಿಯೇ ಹೇಳಿದ್ರಲ್ಲ ಸ್ವಾಮಿ, ಕಮ್ಮಿ ಬೀಳಲ್ಲ.”
> “ಬೀಳಲ್ಲ. ಆದ್ರೂ ಇರಲಿ.”

ಇಷ್ಟೇ ಸಾಕು. ಏಕೆ ಹಾಗೆ ಹೇಳಿದನೆಂದು ಅವನಿಗೂ ಗೊತ್ತಿಲ್ಲ. ಈಗ ಈ ಫೋನಿಗೆ ಕಾರಣವಾಗುವ ಕನಸನ್ನು ಹುಡುಕುವುದು ನಿಮ್ಮ ಕೆಲಸ. ಹೀಗೆ ಹಿಂದಿನಿಂದ ಬಂದರೆ ಕನಸು ಹರಡಿಕೊಳ್ಳುವುದಿಲ್ಲ.

ಹಂತ 3: ಸಾಮಗ್ರಿಯನ್ನು ಹಿಂದಿನ ಎರಡು ದಿನದಿಂದಲೇ ಎತ್ತಿಕೊಳ್ಳಿ

ಕನಸುಗಳಲ್ಲಿ ಹಿಂದಿನ ದಿನದ ಚೂರುಗಳು ನುಸುಳುತ್ತವೆ ಎಂಬುದನ್ನು ಫ್ರಾಯ್ಡ್ ಒತ್ತಿ ಹೇಳಿದ್ದ. ಆಮೇಲಿನ ನಿದ್ರಾ ಸಂಶೋಧನೆಯೂ ಅದನ್ನು ಒಪ್ಪಿದೆ. ನುಸುಳುವುದು ಹೆಚ್ಚಾಗಿ ದೊಡ್ಡ ಘಟನೆ ಇದ್ದ ಹಾಗೇ ಇಡಿಯಾಗಿ ಅಲ್ಲ, ಅದರ ತುಣುಕುಗಳು ಮತ್ತು ಗಮನ ಕೊಡದೆ ಬಿಟ್ಟ ಸಣ್ಣ ಸಂಗತಿಗಳು. ಕಥೆಗಾರರಿಗೆ ಇದು ತುಂಬ ಉಪಯೋಗದ ಮಾತು. ಕನಸಿನಲ್ಲಿ ಬರುವ ಪ್ರತಿ ವಸ್ತುವನ್ನೂ ಎಚ್ಚರದ ಭಾಗದಲ್ಲಿ ಮೊದಲೇ, ಮಹತ್ವ ಕೊಡದೆ, ಒಮ್ಮೆ ತೋರಿಸಿಟ್ಟರೆ ಓದುಗರಿಗೆ ಕನಸು ಆಕಾಶದಿಂದ ಉದುರಿದಂತೆ ಅನ್ನಿಸುವುದಿಲ್ಲ.

ಹಾಳೆಯಲ್ಲಿ ಹತ್ತು ಹನ್ನೆರಡು ಸಂಗತಿ ಬರೆದು ಮೂರನ್ನು ಆರಿಸಿ. ನಾಲ್ಕಾದರೆ ಕನಸು ಸಂತೆಯಾಗುತ್ತದೆ. ಶ್ರೀಧರನ ಹಾಳೆಯಿಂದ ಎತ್ತಿಕೊಂಡದ್ದು ಇವು: ಎಲೆಯ ಲೆಕ್ಕ, ಹೊಸ ಮಾರ್ಬಲ್ ನೆಲಕ್ಕೆ ಪಾಲಿಶ್ ಹಾಕಿದವನು ‘ಹುಳಿ ಬಿದ್ದರೆ ಕೂಡಲೇ ಒರೆಸಿ, ಕಲೆ ಹಿಡಿಯುತ್ತೆ’ ಎಂದದ್ದು, ಸೀರೆ ತೆಗೆದಿಟ್ಟಿದ್ದೇನೆ ಎಂದಾಗ ಫೋನಿನಲ್ಲಿ ವನಜ ‘ಸಾಕು ಅಣ್ಣ’ ಎಂದದ್ದು.

ಪತ್ರ, ಸಹಿ, ತೋಟ ಇವು ಮೂರೂ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಕಥೆಯ ಕೇಂದ್ರದಲ್ಲಿರುವ ವಸ್ತುವನ್ನು ಕನಸಿನಿಂದ ಹೊರಗಿಡಿ. ಅದು ಬಂದ ಕೂಡಲೇ ಓದುಗರು ಅರ್ಥ ಬಿಡಿಸಲು ಕೂರುತ್ತಾರೆ.

ಇನ್ನೊಂದು ಎಚ್ಚರಿಕೆ ನಮ್ಮ ಓದುಗರಿಗೇ ಸಂಬಂಧಿಸಿದ್ದು. ಹಲ್ಲು ಬಿದ್ದರೆ ಸಾವು, ಮದುವೆ ಕಂಡರೆ ಕೇಡು, ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಗಳು ಮನೆಮನೆಯಲ್ಲೂ ಇವೆ. ಇವುಗಳಲ್ಲಿ ಒಂದನ್ನು ಬಳಸಿದರೂ ಭವಿಷ್ಯ ಹೇಳುವ ಕನಸು ಇದು ಎಂದು ಓದುಗರು ಕಾಯತೊಡಗುತ್ತಾರೆ. ನಿಮಗೆ ಅದು ಬೇಡದಿದ್ದರೆ ‘ಬೆಳಗಿನ ಜಾವ’ ಎಂಬ ಮಾತನ್ನೂ ಬರೆಯಬೇಡಿ.

ಹಂತ 4: ಘಟನೆಗೆ ಹೊಂದದ ಭಾವನೆಯನ್ನು ಆರಿಸಿ

ಪಾತ್ರ ಬಯಲಾಗುವುದು ಇಲ್ಲಿ. ಉಳಿದ ಹಂತಗಳೆಲ್ಲ ಈ ಹಂತಕ್ಕೆ ತಯಾರಿ ಮಾತ್ರ, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ಕೊಡಿ.

ಕನಸಿನಲ್ಲಿ ಏನು ಕಾಣಿಸಿತು ಎಂಬುದರಿಂದ ಪಾತ್ರದ ಬಗ್ಗೆ ತಿಳಿಯುವುದು ಕಡಿಮೆ. ಕಂಡದ್ದರ ಮುಂದೆ ಅವನು ಏನು ಮಾಡಿದ, ಯಾವುದಕ್ಕೆ ಆಶ್ಚರ್ಯಪಡಲಿಲ್ಲ, ಯಾವುದಕ್ಕೆ ಚಿಂತೆಪಟ್ಟ ಎಂಬುದರಿಂದ ತಿಳಿಯುತ್ತದೆ. ಕನಸು ಕಾಣುವ ಹೊತ್ತಿನಲ್ಲಿ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದು, ಸರಿ ತಪ್ಪು ತೂಗಿ ನೋಡುವ ಮುಂಭಾಗದ ಕೆಲಸ ತಗ್ಗಿರುತ್ತದೆ. ಎಂಥ ಅಸಂಗತ ಎದುರಿಗಿದ್ದರೂ ನಾವು ಕನಸಿನಲ್ಲಿ ಒಪ್ಪಿಕೊಂಡು ಮುಂದೆ ಹೋಗುವುದು ಅದಕ್ಕೇ.

ಶ್ರೀಧರನಿಗೆ ಪಂಕ್ತಿಯಲ್ಲಿ ಬಡಿಸುವ ಕನಸು. ಎಲ್ಲರ ಮುಂದೆ ಎಲೆಯಿದೆ, ವನಜಳ ಮುಂದೆ ಇಲ್ಲ. ಇದನ್ನು ಮೂರು ಥರ ಬರೆಯಬಹುದು. ಎಲೆ ಇಲ್ಲದ್ದು ನೋಡಿ ಅವನು ಗಾಬರಿಯಾಗಿ ಎಲೆ ಹುಡುಕುತ್ತ ಓಡಿದರೆ ಅವನೊಬ್ಬ ಒಳ್ಳೆಯ ಮನುಷ್ಯ, ಪಶ್ಚಾತ್ತಾಪಪಡುತ್ತಿದ್ದಾನೆ ಎಂದಾಗುತ್ತದೆ. ಅದು ಹಂತ 1ರಲ್ಲಿ ಬಿಟ್ಟುಬಂದ ಮೇಲಿನ ಪದರ. ಅವಳನ್ನು ಎಬ್ಬಿಸಿ ಕಳಿಸಿದರೆ ಅವನೊಬ್ಬ ಖಳ, ಅದೂ ಸುಳ್ಳು. ಮೂರನೆಯದು: ಎಲೆ ಇಲ್ಲದ್ದು ಅವನಿಗೆ ಸಹಜವಾಗಿಯೇ ಕಾಣುತ್ತದೆ. ಬರಿ ನೆಲದ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ, ಪ್ರೀತಿಯಿಂದ ಬಡಿಸುತ್ತಾನೆ. ಅವನ ಚಿಂತೆ ನೆಲಕ್ಕೆ ಕಲೆಯಾದೀತು ಎಂಬುದೊಂದೇ. ಕೊನೆಗೆ ಅವನಿಗೆ ನೆಮ್ಮದಿಯಾಗುತ್ತದೆ.

ಅವನ ಉದಾರತೆ ನಿಜ, ಆದರೆ ಅದು ತಂಗಿಗೆ ಜಾಗ ಕೊಡದ ಉದಾರತೆ. ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸದೆ ಓದುಗರು ತಾವೇ ನೋಡುತ್ತಾರೆ. ಅವನು ನೆಮ್ಮದಿಯಾಗಿರುವುದರಿಂದಲೇ ಓದುಗರಿಗೆ ಸಂಕಟವಾಗುತ್ತದೆ.

ಭಾವನೆ ಆರಿಸುವಾಗ ಹೀಗೆ ಮಾಡಿ: ನಿಮ್ಮ ಕನಸಿನ ಘಟನೆಗೆ ತಕ್ಷಣ ಹೊಳೆಯುವ ಭಾವನೆ ಭಯವೋ ದುಃಖವೋ ಆಗಿದ್ದರೆ ಅದನ್ನು ಹೊಡೆದುಹಾಕಿ ಅವಸರ, ಹೆಮ್ಮೆ, ಬೇಸರ, ನೆಮ್ಮದಿ, ಸಣ್ಣ ಕಿರಿಕಿರಿ ಇವನ್ನು ಒಂದೊಂದಾಗಿ ಇಟ್ಟು ನೋಡಿ. ಯಾವುದನ್ನಿಟ್ಟಾಗ ಹಂತ 1ರ ವಾಕ್ಯ ಅಲುಗಾಡುತ್ತದೋ ಅದೇ ನಿಮಗೆ ಬೇಕಾದದ್ದು.

ಹಂತ 5: ಒಳಗೆ ಹೋಗುವ ಬಾಗಿಲನ್ನು ತೆರೆದಿಡಿ

ಇದು ಕನಸು ಎಂದು ಮೊದಲ ಎರಡು ವಾಕ್ಯದೊಳಗೆ ಓದುಗರಿಗೆ ತಿಳಿಯಬೇಕು. ‘ಕನಸು’ ಎಂಬ ಪದ ಬರಬೇಕೆಂದಿಲ್ಲ. ಹಿಂದಿನ ಪ್ಯಾರಾ ಶ್ರೀಧರ ಮಲಗಿದ್ದರಲ್ಲಿ ಮುಗಿದು, ಮುಂದಿನ ಪ್ಯಾರಾದ ಎರಡನೇ ವಾಕ್ಯದಲ್ಲಿ ಎಚ್ಚರದಲ್ಲಿ ನಡೆಯಲಾರದ ಒಂದು ಸಂಗತಿ ಬಂದರೆ ಸಾಕು. ಗುಟ್ಟಾಗಿಟ್ಟರೆ ಓದುಗರು ‘ಮುಂದೇನಾಗುತ್ತದೆ’ ಎಂದು ಓದುತ್ತಾರೆ. ಗೊತ್ತಿದ್ದರೆ ‘ಇವನು ಹೀಗೇಕೆ ಮಾಡುತ್ತಿದ್ದಾನೆ’ ಎಂದು ಓದುತ್ತಾರೆ. ನಮಗೆ ಬೇಕಾದದ್ದು ಎರಡನೆಯದು.

ಹೊತ್ತಿನ ಬಗ್ಗೆ ಒಂದು ಸಣ್ಣ ಮಾತು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಕಣ್ಣುಗುಡ್ಡೆ ಚುರುಕಾಗಿ ಓಡುವ, ಸ್ಪಷ್ಟ ಕನಸುಗಳು ಬೀಳುವ ಘಟ್ಟ ರಾತ್ರಿಯ ಕೊನೆಯ ಪಾಲಿನಲ್ಲಿ ಉದ್ದವಾಗುತ್ತದೆ. ದಿಂಬಿಗೆ ತಲೆಯಿಟ್ಟ ಐದು ನಿಮಿಷಕ್ಕೆ ಉದ್ದನೆಯ ಕಥೆಯಂಥ ಕನಸು ಬೀಳಿಸುವುದಕ್ಕಿಂತ, ರಾತ್ರಿ ಒಮ್ಮೆ ಎದ್ದು ನೀರು ಕುಡಿದು ಮತ್ತೆ ಮಲಗಿದ ಮೇಲೆ ಬೀಳಿಸಿದರೆ ನಂಬಿಕೆಗೆ ಹತ್ತಿರ.

ಹಂತ 6: ಬರೆಯಿರಿ, 150 ಪದ ದಾಟಬೇಡಿ

3000 ಪದದ ಕಥೆಗೆ 70ರಿಂದ 150 ಪದದ ಕನಸು ಸಾಕು. ಒಂದೇ ಜಾಗ, ಒಂದೇ ಕೆಲಸ, ಒಂದೇ ಅಸಂಗತ. ಉಳಿದದ್ದೆಲ್ಲ ಎಚ್ಚರದಲ್ಲಿ ಇರುವಂತೆಯೇ ಇರಲಿ.

> ಪಂಕ್ತಿ ಕೂತಿತ್ತು. ವನಜಳ ಮುಂದೆ ಎಲೆ ಇರಲಿಲ್ಲ, ಹೊಳೆಯುವ ನೆಲದ ಮೇಲೆ ಅನ್ನ ಗುಡ್ಡೆಯಾಗಿತ್ತು, ಪಕ್ಕದಲ್ಲಿ ಕೋಸಂಬರಿ. ಅನ್ನದ ನಡುವೆ ಗುಳಿ ಮಾಡಿಕೊಂಡು ಕಾಯುತ್ತಿದ್ದಳು. ಶ್ರೀಧರ ಬಕೆಟ್ಟು ಇಳಿಸಿ ಒಂದು ಸೌಟು ಸಾರು ಹಾಕಿದ. ಇನ್ನೊಂದು ಹಾಕಿದ. “ಸಾಕು” ಅಂದಳು. “ಸಂಕೋಚ ಮಾಡ್ಕೋಬೇಡಿ, ನಿಧಾನವಾಗಿ ಊಟ ಮಾಡಿ” ಅಂದು ಮೂರನೆಯದೂ ಹಾಕಿದ. ಸಾರು ಹರಿದು ಪಕ್ಕದವರ ಎಲೆಯ ಕಡೆ ಹೊರಟಿತು. ಶಲ್ಯ ತೆಗೆದು ಅಡ್ಡ ಇಟ್ಟ. “ಕೂಡಲೇ ಒರೆಸಿದರೆ ಕಲೆ ಹಿಡಿಯಲ್ಲ” ಎಂದು ಪಕ್ಕದವರಿಗೆ ಹೇಳಿದ. ಅವರು ತಲೆಯಾಡಿಸಿದರು. ವನಜ ಕಲಸಿ ಉಣ್ಣುತ್ತಿದ್ದಳು. ಇಡೀ ಪಂಕ್ತಿಯಲ್ಲಿ ಅವಳಿಗೆ ಬಡಿಸಿದಷ್ಟು ಯಾರಿಗೂ ಬಡಿಸಿರಲಿಲ್ಲ. ಬಕೆಟ್ಟು ಹಗುರವಾಗಿತ್ತು. ಹೀಗೆ ನೆಮ್ಮದಿಯಾಗಿ ಬಡಿಸಿ ಎಷ್ಟು ದಿನವಾಯಿತು ಅನ್ನಿಸಿತು.

ಭಾಷೆಯ ಕೆಲಸವನ್ನು ಹತ್ತಿರದಿಂದ ನೋಡಿ. ‘ಏನೋ ಕಂಡಂತಾಯಿತು’, ‘ಯಾರೋ ಕರೆದ ಹಾಗೆ’, ‘ಮಸುಕು ಮಸುಕಾಗಿ’ ಎಂಬ ಮಾತು ಒಂದೂ ಇಲ್ಲ. ಕನಸು ಕಾಣುವವನಿಗೆ ಅದು ಮಸುಕಲ್ಲ, ಎದುರಿಗೇ ನಡೆಯುತ್ತಿರುತ್ತದೆ. ಮಸುಕಾಗುವುದು ಎದ್ದ ಮೇಲೆ. ‘ಹಾಗೆ’, ‘ಅಂತೆ’, ‘ಏನೋ’ ಇವನ್ನೆಲ್ಲ ಹೊಡೆದುಹಾಕಿ ಸಾದಾ ಭೂತಕಾಲದಲ್ಲಿ, ಗಿಡ್ಡ ವಾಕ್ಯಗಳಲ್ಲಿ ಬರೆಯಿರಿ. ಮಂಜು, ಹೊಗೆ, ಕತ್ತಲ ದಾರಿ ಕೂಡ ಹೋಗಲಿ.

ಕನ್ನಡದಲ್ಲಿ ಬರೆಯುವವರಿಗೆ ಸಿಗುವ ಒಂದು ಬಲವಾದ ಸಾಧನ ಏಕವಚನ ಬಹುವಚನ. ಎಚ್ಚರದಲ್ಲಿ ಶ್ರೀಧರ ತಂಗಿಗೆ ‘ನೀನು’ ಎನ್ನುತ್ತಾನೆ, ‘ಉಂಡ್ಯಾ?’ ಎಂದು ಕೇಳುತ್ತಾನೆ. ಕನಸಿನಲ್ಲಿ ಅತಿಥಿಗಳಿಗೆ ಹೇಳುವ ಮಾತನ್ನೇ ಅವಳಿಗೂ ಹೇಳುತ್ತಾನೆ, ‘ಊಟ ಮಾಡಿ’. ಅವಳು ಆ ಮನೆಗೆ ಹೊರಗಿನವಳಾಗಿದ್ದಾಳೆ ಎಂಬುದು ಆ ಒಂದು ಕ್ರಿಯಾಪದದಲ್ಲಿದೆ, ಮತ್ತು ಹಾಗೆ ಅಂದದ್ದು ಅವನ ಗಮನಕ್ಕೆ ಬಂದೇ ಇಲ್ಲ. ನಿಮ್ಮ ಪಾತ್ರಕ್ಕೂ ಇಂಥ ಜಾಗ ಹುಡುಕಿ: ಮೇಲಧಿಕಾರಿಗೆ ಏಕವಚನ, ಹೆಂಡತಿಗೆ ಬಹುವಚನ, ಊರು ಬಿಟ್ಟು ಮೂವತ್ತು ವರ್ಷವಾದವನ ಬಾಯಲ್ಲಿ ಊರಿನ ಮಾತು. ಆದರೆ ‘ತಾನೇಕೆ ಬಹುವಚನದಲ್ಲಿ ಮಾತಾಡುತ್ತಿದ್ದೇನೆ ಎಂದು ಆಶ್ಚರ್ಯವಾಯಿತು’ ಎಂದು ಬರೆದಿರೋ, ಎಲ್ಲ ಹಾಳಾಯಿತು.

ಹಂತ 7: ಹೊರಗೆ ಬರುವುದು

ಬೆವರು, ಏದುಸಿರು, ಹೆಂಡತಿ ‘ಏನ್ರೀ, ಕೆಟ್ಟ ಕನಸಾ?’ ಎಂದು ಕೇಳುವುದು ಎಲ್ಲ ಬಿಟ್ಟುಬಿಡಿ. ಕನಸಿನ ಭಾವನೆ ನೆಮ್ಮದಿಯಾಗಿದ್ದರೆ ಇವು ಹೇಗೂ ಹೊಂದುವುದಿಲ್ಲ. ಪ್ಯಾರಾ ಒಡೆದು ನೇರ ಬೆಳಿಗ್ಗೆಗೆ ಬನ್ನಿ.

ಕನಸು ಎದ್ದ ಕೆಲವೇ ನಿಮಿಷದಲ್ಲಿ ಬಹುಪಾಲು ಮರೆತುಹೋಗುತ್ತದೆ. ಇದನ್ನು ಬಳಸಿಕೊಳ್ಳಿ. ಓದುಗರಿಗೆ ಇಡೀ ಕನಸು ಗೊತ್ತು, ಶ್ರೀಧರನ ಹತ್ತಿರ ಉಳಿದಿರುವುದು ಒಂದೇ ಚೂರು: ಬಡಿಸುತ್ತಿದ್ದೆ, ಎಲೆಯದೇನೋ ಇತ್ತು. ಅದಕ್ಕೇ ಎಲೆಯವನಿಗೆ ಫೋನು. ಓದುಗರಿಗೂ ಪಾತ್ರಕ್ಕೂ ಗೊತ್ತಿರುವುದರ ನಡುವಿನ ಈ ಅಂತರವೇ ಕಥೆಯ ಉಳಿದ ಭಾಗವನ್ನು ಬಿಗಿಯಾಗಿಡುತ್ತದೆ. ಗೃಹಪ್ರವೇಶದ ದಿನ ವನಜ ಪಂಕ್ತಿಯಲ್ಲಿ ಕೂರುವಾಗ ಓದುಗರ ಕಣ್ಣು ತಾನಾಗಿಯೇ ಎಲೆಯ ಮೇಲಿರುತ್ತದೆ. ಅಲ್ಲಿ ನೀವು ಎಲೆಯ ಬಗ್ಗೆ ಏನೂ ಹೇಳಬೇಕಾಗಿಲ್ಲ.

ಕಥೆ ‘ನಾನು’ ಎಂದು ನಡೆಯುತ್ತಿದ್ದರೆ ಇದು ಹೀಗೆ ಆಗುವುದಿಲ್ಲ, ಏಕೆಂದರೆ ಮರೆತದ್ದನ್ನು ನಿರೂಪಕ ಹೇಳಲಾರ. ಆಗ ಕನಸನ್ನು ದೃಶ್ಯವಾಗಿ ಬರೆಯದೆ, ಅವನು ಇನ್ನೊಬ್ಬರಿಗೆ ಹೇಳುವ ಮಾತಾಗಿ ಬರೆಯಿರಿ. ‘ವನಜಂಗೆ ಬಡಿಸ್ತಿದ್ದೆ ಕಣೆ, ಹೊಟ್ಟೆ ತುಂಬ ಉಂಡಳು’ ಎಂದು ಹೆಂಡತಿಗೆ ಹೇಳಿ ಎಲೆಯ ವಿಷಯ ಬಿಟ್ಟುಬಿಡುತ್ತಾನೆ. ಹೆಂಡತಿ ‘ಎಲ್ಲಿ ಕೂತಿದ್ಳು?’ ಎಂದು ಕೇಳಿದಾಗ ಮಾತು ಬದಲಾಯಿಸುತ್ತಾನೆ. ಬಿಟ್ಟದ್ದರಲ್ಲಿ ಪಾತ್ರ ಸಿಗುತ್ತದೆ.

ಹಂತ 8: ಪರೀಕ್ಷೆ

ಕನಸಿನ ಪ್ಯಾರಾವನ್ನು ತೆಗೆದು ಇಡೀ ಕಥೆಯನ್ನು ಒಮ್ಮೆ ಓದಿ. ಘಟನೆಗಳು ಕೆಡದೆ ನಿಂತಿರಬೇಕು. ನಿಲ್ಲದಿದ್ದರೆ ಪಾತ್ರಕ್ಕೆ ಗೊತ್ತಿಲ್ಲದ ಮಾಹಿತಿಯನ್ನೋ ಹಳೆಯ ಕಥೆಯನ್ನೋ ಕನಸಿನ ಮೂಲಕ ಸಾಗಿಸಿದ್ದೀರಿ ಎಂದರ್ಥ, ಅದನ್ನು ಎಚ್ಚರದ ಭಾಗಕ್ಕೆ ವರ್ಗಾಯಿಸಿ. ಆದರೆ ಬೆಳಗಿನ ಫೋನು ಅರ್ಥವಿಲ್ಲದ್ದಾಗಿ, ಪಂಕ್ತಿಯ ದೃಶ್ಯ ಸಪ್ಪೆಯಾಗಿ ಕಾಣಬೇಕು. ಅವೂ ಹಾಗೇ ಚೆನ್ನಾಗಿದ್ದರೆ ಕನಸು ಬೇಕಿರಲಿಲ್ಲ, ತೆಗೆದೇಬಿಡಿ.

ಆಮೇಲೆ ಕನಸಿನ ಪ್ಯಾರಾ ಒಂದನ್ನೇ, ಕಥೆ ಓದಿರದ ಒಬ್ಬರಿಗೆ ಕೊಡಿ. ‘ಇವನಿಗೆ ತಪ್ಪಿತಸ್ಥ ಭಾವನೆ ಕಾಡುತ್ತಿದೆ’ ಎಂದು ಥಟ್ಟನೆ ಹೇಳಿದರೆ ಹಂತ 4ಕ್ಕೆ ವಾಪಸ್ ಹೋಗಬೇಕು. ‘ನೆಲದ ಮೇಲೆ ಯಾಕೆ ಬಡಿಸ್ತಾನೆ? ಅವಳು ಯಾರು?’ ಎಂದು ಕೇಳಿದರೆ ಪ್ಯಾರಾವನ್ನು ಇನ್ನು ಮುಟ್ಟಬೇಡಿ. ಇಡೀ ಕಥೆ ಓದಿದ ಇನ್ನೊಬ್ಬರನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಶ್ರೀಧರ ಎಲೆ ಯಾಕೆ ಹೆಚ್ಚು ತರಿಸಿದ?’ ಅವರು ‘ಕಮ್ಮಿ ಬಿದ್ದೀತು ಅಂತ’ ಎಂದರೆ ಕನಸಿಗೂ ಬೆಳಿಗ್ಗೆಗೂ ನಡುವೆ ದೂರ ಹೆಚ್ಚಾಗಿದೆ. ಎರಡರ ಮಧ್ಯೆ ಬಂದಿರುವ ವಾಕ್ಯಗಳನ್ನು ಕಡಿದು, ಫೋನಿನ ಸಂಭಾಷಣೆಯನ್ನು ಕನಸಿನ ಮುಂದಿನ ಸಾಲಿಗೇ ತಂದು ಮತ್ತೆ ಓದಿಸಿ.